ಒಂದೇ ಓಪಿಜಿ, ಮೂರು ಪ್ರಶ್ನೆ

ಹಲ್ಲುನೋವೆಂದು ದಂತವೈದ್ಯರ ಬಳಿ ಹೋದವರ ಕೈಗೆ ‘ಒಂದು ಓಪಿಜಿ ತೆಗೆಸಿಕೊಂಡು ಬನ್ನಿ’ ಎಂಬ ಚೀಟಿ ಬರುವುದು ಈಗ ಮಾಮೂಲು. ತೆಗೆಸಿಕೊಂಡು ಬಂದ ಚಿತ್ರವನ್ನು ಡಾಕ್ಟರು ಎರಡು ನಿಮಿಷ ನೋಡಿ, ‘ಈ ಹಲ್ಲಿಗೆ ಇನ್ನೊಂದು ಚಿಕ್ಕ ಎಕ್ಸ್‌ರೇ ಬೇಕಾಗುತ್ತದೆ’ ಎನ್ನುತ್ತಾರೆ. ಬಾಯಲ್ಲಿರುವ ಅಷ್ಟೂ ಹಲ್ಲು ಒಂದೇ ಚಿತ್ರದಲ್ಲಿ ಬಂದಿರುವಾಗ ಒಂದು ಹಲ್ಲಿಗೆ ಮತ್ತೆ ಎಕ್ಸ್‌ರೇ ಯಾಕೆ? ದುಡ್ಡು ಕೀಳುವ ಉಪಾಯ ಎಂದು ಹೊರಗೆ ಬಂದು ಗೊಣಗುವವರು ಬಹಳ. ಅನುಮಾನ ಸಹಜವೇ. ಆದರೆ ಹೆಚ್ಚಿನ ಸಲ ಡಾಕ್ಟರ ಮಾತಿನಲ್ಲಿ ಹುರುಳಿರುತ್ತದೆ. ಓಪಿಜಿಗೆ ನಾವು ಸಾಮಾನ್ಯವಾಗಿ ಮೂರು ಪ್ರಶ್ನೆ ಹಾಕುತ್ತೇವೆ: ಬುದ್ಧಿಹಲ್ಲು ಎಲ್ಲಿ ಸಿಕ್ಕಿಕೊಂಡಿದೆ, ಹಲ್ಲಿಗೆ ಹುಳುಕು ಹಿಡಿದಿದೆಯೇ, ಹಲ್ಲನ್ನು ಹಿಡಿದಿರುವ ಮೂಳೆ ಎಷ್ಟು ಸವೆದಿದೆ. ಮೊದಲನೆಯದಕ್ಕೆ ಅದು ಚೆನ್ನಾಗಿ ಉತ್ತರ ಕೊಡುತ್ತದೆ, ಮೂರನೆಯದಕ್ಕೆ ತಕ್ಕಮಟ್ಟಿಗೆ ಕೊಡುತ್ತದೆ. ಎರಡನೆಯದಕ್ಕೆ ಅದರ ಮಾತನ್ನು ಪೂರ್ತಿ ನಂಬುವಂತಿಲ್ಲ.

ಹೀಗೇಕೆ ಎಂದು ತಿಳಿಯಲು ಆ ಯಂತ್ರ ಮಾಡುವ ಕೆಲಸವನ್ನು ಸ್ವಲ್ಪ ನೋಡಬೇಕು. ನಮ್ಮ ದವಡೆ ಲಾಳದ ಆಕಾರದ್ದು. ಎದುರಿನಿಂದ ಎಕ್ಸ್‌ರೇ ಹಾಯಿಸಿದರೆ ಬಲಗಡೆಯ, ಎಡಗಡೆಯ, ಮುಂದಿನ ಹಲ್ಲುಗಳೆಲ್ಲ ಒಂದರ ಮೇಲೊಂದು ಬೀಳುತ್ತವೆ. ಫಿನ್ಲೆಂಡಿನ ಯುರ್ಯೊ ಪಾಟೆರೊ ಎಂಬ ದಂತವೈದ್ಯ 1940ರ ದಶಕದ ಕೊನೆಯಿಂದ ಈ ತೊಡಕನ್ನು ಹಿಡಿದು ಕೂತರು. ಎಕ್ಸ್‌ರೇ ಬಿಡುವ ಕೊಳವೆ ತಲೆಯ ಹಿಂಭಾಗದಲ್ಲಿ, ಅದನ್ನು ಹಿಡಿಯುವ ಫಿಲ್ಮು ಮುಖದ ಮುಂಭಾಗದಲ್ಲಿ. ಎರಡೂ ಸೇರಿ ತಲೆಯ ಸುತ್ತ ತಿರುಗುತ್ತ ಒಂದು ಸಣ್ಣ ಸೀಳಿನ ಮೂಲಕ ದವಡೆಯನ್ನು ಸ್ವಲ್ಪ ಸ್ವಲ್ಪವೇ ಬರೆದುಕೊಂಡು ಹೋಗುವ ವ್ಯವಸ್ಥೆ ಅದು. ಸುರುಳಿ ಸುತ್ತಿದ ಚಾಪೆಯನ್ನು ಬಿಚ್ಚಿ ನೆಲಕ್ಕೆ ಹಾಸಿದಂತೆ ದವಡೆ ಚಪ್ಪಟೆಯಾಗಿ ಕಾಣುತ್ತದೆ. 1960ರ ದಶಕದ ಆರಂಭದಲ್ಲಿ ಆ ಯಂತ್ರ ಮಾರುಕಟ್ಟೆಗೆ ಬಂತು. ಇಂದು ಫಿಲ್ಮಿನ ಜಾಗದಲ್ಲಿ ಸೆನ್ಸರ್ ಇದೆ, ತತ್ವ ಅದೇ.

ಈ ತಿರುಗಾಟದಲ್ಲಿ ಒಂದು ಕರಾರು ಅಡಗಿದೆ. ಯಂತ್ರ ಸ್ಪಷ್ಟವಾಗಿ ಹಿಡಿಯುವುದು ದವಡೆಯ ಆಕಾರಕ್ಕೆ ಬಾಗಿದ ಒಂದು ಪಟ್ಟಿಯಷ್ಟು ಜಾಗವನ್ನು ಮಾತ್ರ. ಪಟ್ಟಿಯ ಒಳಗಿದ್ದದ್ದು ಸ್ಪಷ್ಟ, ಹೊರಗಿದ್ದದ್ದು ಮಸುಕು. ದವಡೆ ಹಲ್ಲುಗಳ ಬಳಿ ಈ ಪಟ್ಟಿ ಸಾಕಷ್ಟು ಅಗಲ. ಬಾಚಿಹಲ್ಲುಗಳ ಬಳಿ ಬಹಳ ಕಿರಿದು. ನಿಮ್ಮನ್ನು ನಿಲ್ಲಿಸಿ, ಪ್ಲಾಸ್ಟಿಕ್ ಕಡ್ಡಿಯ ಗೀರಿನಲ್ಲಿ ಮೇಲಿನ ಕೆಳಗಿನ ಮುಂದಿನ ಹಲ್ಲನ್ನು ಸರಿಯಾಗಿ ಕೂರಿಸಿ ಕಚ್ಚಿ ಎಂದು ಟೆಕ್ನೀಷಿಯನ್ ಒತ್ತಾಯಿಸುವುದು ಅದಕ್ಕೇ. ಗೀರಿಗಿಂತ ಮುಂದೆ ಕಚ್ಚಿದರೆ ಮುಂದಿನ ಹಲ್ಲುಗಳು ಕಡ್ಡಿಯಂತೆ ಸಣಕಲಾಗುತ್ತವೆ, ಹಿಂದೆ ಕಚ್ಚಿದರೆ ಅಗಲವಾಗಿ ಹರಡುತ್ತವೆ. ಗದ್ದ ಕೆಳಗಿಳಿದರೆ ಹಲ್ಲಿನ ಸಾಲು ಅತಿಯಾಗಿ ನಗುತ್ತದೆ, ಮೇಲೆತ್ತಿದರೆ ಮುಖ ಸಿಂಡರಿಸುತ್ತದೆ. ನಾಲಿಗೆಯನ್ನು ಅಂಗಳಕ್ಕೆ ಒತ್ತಿ ಹಿಡಿಯಿರಿ ಎಂದು ಹೇಳಿದ್ದನ್ನು ಅನೇಕರು ಅಲಕ್ಷಿಸುತ್ತಾರೆ. ನಾಲಿಗೆ ಕೆಳಗಿದ್ದರೆ ಅದರ ಮೇಲಿನ ಗಾಳಿ ಒಂದು ಕಪ್ಪು ಪಟ್ಟಿಯಾಗಿ ಮೇಲಿನ ಹಲ್ಲುಗಳ ಬೇರಿನ ಮೇಲೆ ಕೂರುತ್ತದೆ. ಅಲ್ಲಿನ ಮೂಳೆ ಹೇಗಿದೆ ಎಂದು ಯಾರೂ ಹೇಳಲಾರರು.

ಕಿವಿಯೋಲೆ ಬಿಚ್ಚಿಸುವುದಕ್ಕೂ ಕಾರಣವಿದೆ. ಬಲಗಿವಿಯ ಓಲೆ ಬಲಗಡೆ ಕಾಣುವುದಲ್ಲದೆ, ಎಡಗಡೆಯಲ್ಲೂ ಇನ್ನಷ್ಟು ಮೇಲಕ್ಕೆ, ದೊಡ್ಡದಾಗಿ, ಮಬ್ಬುಮಬ್ಬಾಗಿ ಮತ್ತೊಮ್ಮೆ ಮೂಡುತ್ತದೆ. ಕಿರಣ ಹಿಂದಿನಿಂದ ತುಸು ಮೇಲ್ಮುಖವಾಗಿ ಬರುವುದರಿಂದ ಈ ನೆರಳು ಯಾವಾಗಲೂ ಮೇಲಕ್ಕೆ ಸರಿದಿರುತ್ತದೆ. ಅದು ಮೇಲ್ದವಡೆಯ ಸೈನಸ್ಸಿನ ಮೇಲೆ ಬಿದ್ದರೆ ಅನುಭವವಿಲ್ಲದವರಿಗೆ ಅಲ್ಲೇನೋ ಗಡ್ಡೆ ಬೆಳೆದಂತೆ ತೋರುತ್ತದೆ.

ಚಿತ್ರ ಕೈಗೆ ಬಂದಾಗ ಮೊದಲು ನೆನಪಿಡಬೇಕಾದದ್ದು: ನಿಮ್ಮ ಬಲಗಡೆ ಚಿತ್ರದಲ್ಲಿ ನೋಡುವವರ ಎಡಕ್ಕಿರುತ್ತದೆ. ಮೂಲೆಯಲ್ಲಿ R ಅಥವಾ L ಎಂದು ಗುರುತಿರುತ್ತದೆ. ಬಿಳಿ ಎಂದರೆ ಎಕ್ಸ್‌ರೇಯನ್ನು ತಡೆದ ಗಟ್ಟಿ ವಸ್ತು, ಕಪ್ಪು ಎಂದರೆ ಅದು ದಾಟಿಹೋದ ಮೆತ್ತನೆಯ ಭಾಗ ಅಥವಾ ಖಾಲಿ ಜಾಗ. ಲೋಹದ ಫಿಲ್ಲಿಂಗ್ ಅಚ್ಚಬಿಳಿ, ಅದರ ನಂತರ ಎನಾಮೆಲ್, ಆಮೇಲೆ ಡೆಂಟಿನ್ ಮತ್ತು ಮೂಳೆ, ಕೊನೆಗೆ ಹಲ್ಲಿನೊಳಗಿನ ತಿರುಳು. ಕಲಿತವರು ನೋವಿರುವ ಹಲ್ಲಿಗೆ ನೇರವಾಗಿ ಕಣ್ಣು ಹಾಯಿಸುವುದಿಲ್ಲ. ಹಾಗೆ ಮಾಡಿದರೆ ಅದೊಂದೇ ಕಂಡು ಉಳಿದದ್ದು ತಪ್ಪಿಹೋಗುತ್ತದೆ. ಅವರು ಕೆಳದವಡೆಯ ಹೊರಗೆರೆಯನ್ನು ಹಿಡಿದು ಒಂದು ಸುತ್ತು ಬರುತ್ತಾರೆ. ಕಿವಿಯ ಮುಂದಿರುವ ದವಡೆ ಕೀಲಿನ ಗುಂಡು, ಅಲ್ಲಿಂದ ಕೆಳಗಿಳಿಯುವ ನಿಂತ ಮೂಳೆ, ದವಡೆಯ ಮೂಲೆ, ಕೆಳ ಅಂಚು, ಗದ್ದ, ಮತ್ತೆ ಇನ್ನೊಂದು ಬದಿಯಲ್ಲಿ ಮೇಲಕ್ಕೆ. ಗೆರೆ ಎಲ್ಲೂ ಮುರಿದಿರಬಾರದು, ಎರಡೂ ಬದಿ ಹೆಚ್ಚುಕಡಿಮೆ ಒಂದೇ ಥರ ಇರಬೇಕು. ಬೈಕಿನಿಂದ ಬಿದ್ದು ಗದ್ದಕ್ಕೆ ಪೆಟ್ಟಾದವರಲ್ಲಿ ಗದ್ದ ನೆಟ್ಟಗಿದ್ದು ಮೇಲೆ ಕೀಲಿನ ಕುತ್ತಿಗೆ ಮುರಿದಿರುವುದುಂಟು. ಸುತ್ತು ಬಾರದೆ ಹೋದರೆ ಅದು ಕಣ್ಣಿಗೆ ಬೀಳುವುದಿಲ್ಲ.

ಮೇಲೆ, ಹಿಂದಿನ ಹಲ್ಲುಗಳ ಬೇರಿನ ತಲೆಯ ಮೇಲೆ ದೊಡ್ಡ ಕಪ್ಪು ಗುಳಿಗಳಾಗಿ ಕಾಣುವುದು ಸೈನಸ್. ಅದರ ಅಡಿಯ ತೆಳು ಬಿಳಿ ಗೆರೆ ಕೆಲವರಲ್ಲಿ ಬೇರುಗಳ ನಡುವೆ ಇಳಿದುಬಂದಿರುತ್ತದೆ. ನೆಗಡಿ ಜೋರಾದಾಗ ಮೇಲಿನ ದವಡೆ ಹಲ್ಲುಗಳೆಲ್ಲ ಒಟ್ಟಿಗೆ ನೋಯುವುದು ಈ ಒತ್ತಾಸೆಯಿಂದಲೇ. ಕೆಳಗೆ, ಕಿರುದವಡೆ ಹಲ್ಲುಗಳ ಬೇರಿನ ತುದಿಯ ಬಳಿ ಒಂದು ಪುಟ್ಟ ಕಪ್ಪು ಚುಕ್ಕೆ ಇರುತ್ತದೆ. ಅದು ಗದ್ದದ ನರ ಮೂಳೆಯಿಂದ ಹೊರಬರುವ ರಂಧ್ರ. ಎಲ್ಲರಿಗೂ ಇರುವಂಥದ್ದು. ಆದರೆ ಅದು ಬೇರಿನ ತುದಿಯ ಮೇಲೇ ಬಿದ್ದಾಗ ಕೀವುಗಟ್ಟಿದ ಗುಳಿಯಂತೆಯೇ ಕಂಡು, ಗಟ್ಟಿಮುಟ್ಟಾದ ಹಲ್ಲಿಗೆ ರೂಟ್ ಕೆನಾಲ್ ಮಾಡಿಸುವಷ್ಟು ಮೋಸಮಾಡಬಲ್ಲದು. ಪತ್ತೆ ಹಚ್ಚುವ ಬಗೆ ಇದೆ. ಆರೋಗ್ಯವಂತ ಬೇರಿನ ಸುತ್ತ ಮೂಳೆಯ ಒಂದು ತೆಳ್ಳನೆಯ ಬಿಳಿ ಗೆರೆ ಓಡುತ್ತದೆ. ಚುಕ್ಕೆಯ ಜಾಗದಲ್ಲೂ ಆ ಗೆರೆ ಅಖಂಡವಾಗಿದ್ದರೆ, ಹಲ್ಲಿಗೆ ತಣ್ಣನೆಯದು ಮುಟ್ಟಿಸಿದಾಗ ಜುಂ ಎಂದರೆ, ಅದು ರಂಧ್ರವೇ ಹೊರತು ರೋಗವಲ್ಲ.

ಈಗ ಒಂದು ಚಿತ್ರವನ್ನು ಮುಂದಿಟ್ಟುಕೊಳ್ಳೋಣ. ವಿವರಿಸಲೆಂದು ಕಟ್ಟಿದ ಉದಾಹರಣೆ ಇದು. ಆದರೆ ಇಂಥವರು ಯಾವ ಕ್ಲಿನಿಕ್ಕಿನಲ್ಲೂ ಸಿಗುತ್ತಾರೆ. 38 ವರ್ಷದ ಗಂಡಸು. ಬಲಗಡೆ ಕೆಳಗೆ ಕೊನೆಯಲ್ಲಿ ಅನ್ನ ಸಿಕ್ಕಿಕೊಳ್ಳುತ್ತದೆ, ಆಗಾಗ ವಸಡು ಊದಿ ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ, ಕಳೆದ ವಾರದಿಂದ ರಾತ್ರಿ ನೋವು. ಹಲ್ಲುಜ್ಜುವಾಗ ರಕ್ತ ಬರುವುದು ಹಳೆಯ ಕತೆ, ಅದನ್ನು ಅವರು ದೂರಾಗಿಯೇ ಪರಿಗಣಿಸಿಲ್ಲ.

ಓಪಿಜಿಯಲ್ಲಿ ಬಲ ಕೆಳಗಿನ ಬುದ್ಧಿಹಲ್ಲು ನೆಟ್ಟಗೆ ನಿಂತಿಲ್ಲ. ಮುಂದಕ್ಕೆ ವಾಲಿ ತನ್ನ ತಲೆಯನ್ನು ಮುಂದಿನ ಹಲ್ಲಿನ ಬೆನ್ನಿಗೆ ಒತ್ತಿ ಮಲಗಿದೆ. ದಂತವೈದ್ಯರು ಹಲ್ಲುಗಳನ್ನು ಅಂಕಿಯಿಂದ ಕರೆಯುತ್ತಾರೆ; ಬಲ ಕೆಳಗಿನ ಬುದ್ಧಿಹಲ್ಲು 48, ಅದರ ಮುಂದಿನದು 47. ಜಾರ್ಜ್ ವಿಂಟರ್ ಎಂಬ ಅಮೆರಿಕದ ವೈದ್ಯ 1926ರಲ್ಲಿ ಸಿಕ್ಕಿಕೊಂಡ ಬುದ್ಧಿಹಲ್ಲುಗಳನ್ನು ಅವು ವಾಲಿದ ದಿಕ್ಕಿನ ಮೇಲೆ ವಿಂಗಡಿಸಿದರು. ಆ ವಿಂಗಡಣೆ ಇವತ್ತಿಗೂ ಚಾಲ್ತಿಯಲ್ಲಿದೆ. ನಮ್ಮ ಉದಾಹರಣೆಯ ಹಾಗೆ ಮುಂದಕ್ಕೆ ವಾಲಿದ್ದು ಕೆಳದವಡೆಯಲ್ಲಿ ಬಹಳ ಸಾಮಾನ್ಯ. ನೋಡಲು ಭಯಂಕರವಾಗಿ ಅಡ್ಡ ಮಲಗಿದ್ದಕ್ಕಿಂತ, ಹಿಂದಕ್ಕೆ ವಾಲಿದ್ದು ಕೀಳಲು ಹೆಚ್ಚು ಕಷ್ಟ ಕೊಡಬಹುದು, ಏಕೆಂದರೆ ಅದು ಹೊರಬರಬೇಕಾದ ದಾರಿಗೆ ದವಡೆಯ ನಿಂತ ಮೂಳೆ ಅಡ್ಡ ನಿಂತಿರುತ್ತದೆ. ವಾಲಿದ ದಿಕ್ಕಿನ ಜೊತೆ ಇನ್ನೆರಡು ಸಂಗತಿಗಳನ್ನೂ ನೋಡುತ್ತಾರೆ. ಪಕ್ಕದ ಹಲ್ಲಿಗೆ ಹೋಲಿಸಿದರೆ ಅದು ಎಷ್ಟು ಆಳದಲ್ಲಿದೆ, ಮತ್ತು 47ರ ಹಿಂದೆ ಅದಕ್ಕೆ ನಿಲ್ಲಲು ಜಾಗ ಎಷ್ಟಿದೆ. ಇವೆಲ್ಲವನ್ನೂ ಓಪಿಜಿ ಒಂದೇ ನೋಟಕ್ಕೆ ಹೇಳಿಬಿಡುತ್ತದೆ. ಬಾಯೊಳಗೆ ಇಡುವ ಪುಟ್ಟ ಸೆನ್ಸರನ್ನು ಅಷ್ಟು ಹಿಂದಕ್ಕೆ ತಳ್ಳಲು ಹೋದರೆ ಓಕರಿಕೆ ಬರುತ್ತದೆ, ಊದಿಕೊಂಡಿದ್ದರೆ ಬಾಯಿಯೇ ತೆರೆಯುವುದಿಲ್ಲ. ಬುದ್ಧಿಹಲ್ಲಿಗೆ ಓಪಿಜಿಯಂಥ ಚಿತ್ರ ಬೇರೊಂದಿಲ್ಲ.

ಆದರೆ ಇಲ್ಲಿ ನಿಜವಾಗಿ ನೋಡಬೇಕಾದದ್ದು ಹಲ್ಲಿಗಿಂತ ಹೆಚ್ಚಾಗಿ ಅದರ ಬೇರಿನ ಕೆಳಗೆ ಹಾಯುವ ಜೋಡಿ ಬಿಳಿ ಗೆರೆಗಳನ್ನು. ಅವುಗಳ ನಡುವಿನ ಕಪ್ಪು ಓಣಿ ಕೆಳದವಡೆಯ ನರದ ಕಾಲುವೆ. ದವಡೆಯ ನಿಂತ ಮೂಳೆಯ ಒಳಭಾಗದಲ್ಲಿ ಶುರುವಾಗಿ, ಹಲ್ಲುಗಳ ಬೇರಿನ ಕೆಳಗೆ ಬಾಗಿ ಹರಿದು, ಆಗಲೇ ಹೇಳಿದ ರಂಧ್ರದವರೆಗೆ ಬರುತ್ತದೆ. ಆ ಬದಿಯ ಕೆಳದುಟಿ, ಗದ್ದ ಮತ್ತು ಹಲ್ಲುಗಳ ಸ್ಪರ್ಶಜ್ಞಾನ ಈ ನರದ್ದು. ಬುದ್ಧಿಹಲ್ಲು ಕೀಳುವಾಗ ಇದಕ್ಕೆ ಪೆಟ್ಟಾದರೆ ತುಟಿ ಆಡುತ್ತದೆ, ಮುಖ ಸೊಟ್ಟಗಾಗುವುದಿಲ್ಲ. ಆದರೆ ಅರ್ಧ ತುಟಿ ಜೋಮು ಹಿಡಿದಂತಿರುತ್ತದೆ. ಕುಡಿದ ಕಾಫಿ ಗದ್ದದ ಮೇಲೆ ಇಳಿದರೂ ಗೊತ್ತಾಗುವುದಿಲ್ಲ, ಶೇವ್ ಮಾಡುವಾಗ ಬ್ಲೇಡು ತಾಗಿದ್ದು ಅರಿವಿಗೆ ಬರುವುದಿಲ್ಲ. ಹೆಚ್ಚಿನವರಲ್ಲಿ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ. ಬೆರಳೆಣಿಕೆಯ ಕೆಲವರಲ್ಲಿ ಉಳಿದುಬಿಡುತ್ತದೆ.

ಯಾರಿಗೆ ಹೀಗಾಗುವ ಸಂಭವ ಹೆಚ್ಚು ಎಂದು ಮೊದಲೇ ಹೇಳಬಹುದೇ? ಬ್ರಿಟನ್ನಿನ ರೂಡ್ ಮತ್ತು ಶೆಹಾಬ್ ಎಂಬವರು 1990ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಬಾಯಿಯ ಶಸ್ತ್ರಚಿಕಿತ್ಸೆ ಮಾಡುವವರೆಲ್ಲ ಓದಿರುತ್ತಾರೆ. ಬೇರು ಮತ್ತು ಕಾಲುವೆ ಚಿತ್ರದಲ್ಲಿ ಒಂದರ ಮೇಲೊಂದು ಬಿದ್ದಿದ್ದರೆ ಸಾಕು ಎಂದು ಅವರು ಹೇಳಲಿಲ್ಲ. ಒಂದು ಹಿಂದೆ, ಒಂದು ಮುಂದೆ ದೂರದೂರವೇ ಇದ್ದರೂ ಚಿತ್ರದಲ್ಲಿ ಹಾಗೆ ಕಾಣಬಹುದು. ಅವರು ಎಣಿಸಿದ ಏಳು ಗುರುತುಗಳಲ್ಲಿ ಮೂರು ಮುಖ್ಯವಾದವು. ಕಾಲುವೆಯ ಬಿಳಿ ಗೆರೆ ಬೇರಿನ ಜಾಗದಲ್ಲಿ ಕಡಿದುಹೋಗುವುದು. ಕಾಲುವೆಯನ್ನು ದಾಟುವ ಕಡೆ ಬೇರು ಕಪ್ಪಾಗುವುದು. ಕಾಲುವೆಯೇ ಬೇರನ್ನು ತಪ್ಪಿಸಿಕೊಂಡು ದಾರಿ ಬದಲಿಸುವುದು. ಕಾರಣ ಯೋಚಿಸಿದರೆ ಸರಳ. ಬೇರಿಗೆ ಕಾಲುವೆ ಅಂಟಿಕೊಂಡು ಅಲ್ಲೊಂದು ತೋಡು ಬಿದ್ದಿದ್ದರೆ ಆ ಜಾಗದಲ್ಲಿ ಬೇರು ತೆಳ್ಳಗಾಗಿರುತ್ತದೆ, ಅಥವಾ ಪಕ್ಕದ ಮೂಳೆಯ ಗೋಡೆ ಸವೆದಿರುತ್ತದೆ. ತೆಳುವಾದ ಕಡೆ ಎಕ್ಸ್‌ರೇ ಹೆಚ್ಚು ದಾಟಿ ಕಪ್ಪು ಕಾಣುತ್ತದೆ. ಕಾಲುವೆಯ ಮೇಲ್ಛಾವಣಿಯ ಮೂಳೆಯೇ ಇಲ್ಲದಿದ್ದರೆ ಬಿಳಿ ಗೆರೆ ಕಡಿಯುತ್ತದೆ.

ನಮ್ಮ 38ರ ವ್ಯಕ್ತಿಯಲ್ಲಿ 48ರ ಹಿಂದಿನ ಬೇರಿನ ತುದಿ ಕಪ್ಪಾಗಿದೆ, ಕಾಲುವೆಯ ಮೇಲಿನ ಗೆರೆ ಅಲ್ಲಿ ಕಾಣುತ್ತಿಲ್ಲ. ಎಚ್ಚರಿಕೆ ಕೊಟ್ಟದ್ದು ಓಪಿಜಿ. ಆದರೆ ನರ ಬೇರಿನ ನಾಲಿಗೆಯ ಬದಿಗಿದೆಯೋ ಕೆನ್ನೆಯ ಬದಿಗಿದೆಯೋ ಎಂದು ಅದು ಹೇಳಲಾರದು, ಏಕೆಂದರೆ ಅದರಲ್ಲಿ ಆಳ ಎಂಬುದಿಲ್ಲ. ಇಲ್ಲಿ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಬೇಕಾಗುತ್ತದೆ. ಗುರುತುಗಳೇನೂ ಇಲ್ಲದ ಹಲ್ಲಿಗೆ ಅದು ದಂಡ. ಸ್ಕ್ಯಾನಿನಲ್ಲಿ ನರ ನಿಜಕ್ಕೂ ಬೇರಿಗೆ ಅಂಟಿಕೊಂಡಿದ್ದರೆ, ಹಲ್ಲಿನ ತಲೆಯನ್ನಷ್ಟೇ ಕತ್ತರಿಸಿ ತೆಗೆದು ಬೇರನ್ನು ಮೂಳೆಯಲ್ಲೇ ಬಿಡುವ ಪದ್ಧತಿಯೂ ಉಂಟು. ಆದರೆ ಬುದ್ಧಿಹಲ್ಲಿನ ತಿರುಳಿಗೇ ಹುಳುಕು ಇಳಿದಿದ್ದರೆ ಅದು ನಡೆಯದು. ನಾಲಿಗೆಯ ನರಕ್ಕೂ ಈ ಶಸ್ತ್ರಕ್ರಿಯೆಯಲ್ಲಿ ಅಪಾಯವಿದೆ. ಅದು ಮೂಳೆಯ ಹೊರಗೆ ಮಾಂಸದಲ್ಲಿ ಹಾಯುವುದರಿಂದ ಯಾವ ಓಪಿಜಿಯಲ್ಲೂ ಕಾಣುವುದಿಲ್ಲ.

ಇಷ್ಟು ಓದಿ ಬುದ್ಧಿಹಲ್ಲು ಎಂದರೆ ಕೀಳಿಸಲೇಬೇಕಾದದ್ದು ಎಂದುಕೊಳ್ಳಬೇಡಿ. ಪೂರ್ತಿ ಮೂಳೆಯೊಳಗೆ ಹುದುಗಿ, ಬಾಯಿಗೆ ಸಂಪರ್ಕವಿಲ್ಲದೆ, ಸುತ್ತ ಗುಳ್ಳೆಯಿಲ್ಲದೆ, ಪಕ್ಕದ ಹಲ್ಲಿಗೆ ತೊಂದರೆ ಕೊಡದೆ ಮಲಗಿದ ಹಲ್ಲು ಓಪಿಜಿಯಲ್ಲಿ ಕಂಡಿತೆಂಬ ಒಂದೇ ಕಾರಣಕ್ಕೆ ಅದನ್ನು ಎಬ್ಬಿಸಬೇಕಿಲ್ಲ. ಬ್ರಿಟನ್ನಿನ ಆರೋಗ್ಯ ಸಂಸ್ಥೆ 2000ದಲ್ಲೇ ರೋಗವಿಲ್ಲದ ಬುದ್ಧಿಹಲ್ಲನ್ನು ಮುನ್ನೆಚ್ಚರಿಕೆಯ ಹೆಸರಿನಲ್ಲಿ ತೆಗೆಯಬೇಡಿ ಎಂದು ಸೂಚನೆ ಕೊಟ್ಟಿತ್ತು. ಅದರಿಂದ ಕೆಲವರಲ್ಲಿ ಪಕ್ಕದ ಹಲ್ಲು ಹಾಳಾಗುವವರೆಗೂ ಕಾದಂತಾಯಿತು ಎಂಬ ಟೀಕೆಯೂ ಬಂದಿದೆ. ನನಗೆ ಕಾಣುವಂತೆ ಅರ್ಧ ಹೊರಬಂದು ಮುಂದಕ್ಕೆ ವಾಲಿದ ಹಲ್ಲಿನ ವಿಷಯದಲ್ಲಿ ಆ ಟೀಕೆಯಲ್ಲಿ ಸತ್ಯವಿದೆ. ನಮ್ಮ ಉದಾಹರಣೆಯೂ ಅದನ್ನೇ ತೋರಿಸುತ್ತದೆ.

47ರ ಬೆನ್ನಿನ ಮೇಲೆ, ಬುದ್ಧಿಹಲ್ಲಿನ ತಲೆ ಒತ್ತಿರುವ ಜಾಗದಲ್ಲಿ, ಹಲ್ಲಿನ ಕುತ್ತಿಗೆಯ ಬಳಿ ಒಂದು ಕಪ್ಪು ಕಲೆ ಇದೆ. ಹುಳುಕೇ? ಎರಡನೆಯ ಪ್ರಶ್ನೆ ಬಂದದ್ದು ಇಲ್ಲಿ, ಮತ್ತು ಓಪಿಜಿ ತೊದಲುವುದೂ ಇಲ್ಲೇ. ಆ ಸಂದಿಗೆ ಬ್ರಷ್ ಹೋಗುವುದಿಲ್ಲ, ಹೋದ ಅನ್ನ ಬರುವುದಿಲ್ಲ, ಹಾಗಾಗಿ ಹುಳುಕಿಗೆ ಹೇಳಿ ಮಾಡಿಸಿದ ಜಾಗ. ಆದರೆ ಕಪ್ಪು ಕಂಡದ್ದೆಲ್ಲ ಹುಳುಕಲ್ಲ. ಹಲ್ಲಿನ ಕುತ್ತಿಗೆಯಲ್ಲಿ ಮೇಲಿನ ಎನಾಮೆಲ್ ಟೋಪಿಯೂ ಮುಗಿದಿರುತ್ತದೆ, ಕೆಳಗಿನ ಮೂಳೆಯೂ ಶುರುವಾಗಿರುವುದಿಲ್ಲ. ತಡೆ ಕಡಿಮೆಯಿರುವ ಆ ಪಟ್ಟಿಯಲ್ಲಿ ಎಕ್ಸ್‌ರೇ ಹೆಚ್ಚು ದಾಟಿ, ಆರೋಗ್ಯವಂತ ಹಲ್ಲಿನಲ್ಲೂ ಕಪ್ಪು ನೆರಳು ಬೀಳುತ್ತದೆ. ನೆರಳಾದರೆ ಅಂಚು ನಿಧಾನವಾಗಿ ಕರಗುತ್ತದೆ, ಹಲ್ಲಿನ ಹೊರಗೆರೆ ಅಖಂಡವಾಗಿರುತ್ತದೆ, ಬೇರೆ ಕೋನದಿಂದ ತೆಗೆದ ಚಿತ್ರದಲ್ಲಿ ಮಾಯವಾಗುತ್ತದೆ. ಹುಳುಕಾದರೆ ಹೊರಗೆರೆಯೇ ತಿಂದುಹೋಗಿರುತ್ತದೆ, ಯಾವ ಕೋನದಿಂದ ನೋಡಿದರೂ ಇರುತ್ತದೆ.

ತೊಡಕು ಇದೊಂದೇ ಅಲ್ಲ. ಹುಳುಕು ಮೊದಲಿಗೆ ಹಲ್ಲಿನ ಲವಣವನ್ನು ಕರಗಿಸುತ್ತದೆ. ಒಂದು ಜಾಗದಲ್ಲಿ ಸುಮಾರು ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ಲವಣ ಹೋದ ಮೇಲೆಯೇ ಅದು ಎಕ್ಸ್‌ರೇಯಲ್ಲಿ ಕಪ್ಪಾಗಿ ಕಾಣುವುದು. ಅಂದರೆ ಯಾವ ಎಕ್ಸ್‌ರೇಯಾದರೂ ಇರುವುದಕ್ಕಿಂತ ಸಣ್ಣ ಹುಳುಕನ್ನೇ ತೋರಿಸುತ್ತದೆ. ಅದರ ಮೇಲೆ ಓಪಿಜಿಗೆ ಸೂಕ್ಷ್ಮ ದೃಷ್ಟಿ ಕಡಿಮೆ. ಒಂದು ಮಿಲಿಮೀಟರಿನಲ್ಲಿ ಸುಮಾರು 5 ಜೋಡಿ ಗೆರೆಗಳನ್ನು ಬಿಡಿಬಿಡಿಯಾಗಿ ತೋರಿಸಿದರೆ ಅದರ ಶಕ್ತಿ ಮುಗಿಯಿತು. ಬಾಯೊಳಗೆ ಇಟ್ಟು ತೆಗೆಯುವ ಚಿಕ್ಕ ಎಕ್ಸ್‌ರೇ ಅದರ ಎರಡು ಪಟ್ಟಿಗೂ ಹೆಚ್ಚು ತೋರಿಸುತ್ತದೆ. ಇನ್ನು ಕಿರುದವಡೆ ಹಲ್ಲುಗಳ ಬಳಿ ಯಂತ್ರದ ಕಿರಣ ಹಲ್ಲುಸಂದಿಯ ಮೂಲಕ ನೇರವಾಗಿ ಹಾಯದೆ ಓರೆಯಾಗಿ ಹೋಗುತ್ತದೆ. ಒಂದು ಹಲ್ಲಿನ ಅಂಚು ಪಕ್ಕದ ಹಲ್ಲಿನ ಮೇಲೆ ಹತ್ತಿ, ಎರಡು ಎನಾಮೆಲ್ ಸೇರಿ ಬಿಳಿ ಪಟ್ಟಿಯಾಗುತ್ತದೆ. ಹುಳುಕು ಹುಟ್ಟುವುದು ಆ ಸಂದಿಯಲ್ಲೇ, ಓಪಿಜಿ ಕುರುಡಾಗುವುದೂ ಆ ಸಂದಿಯಲ್ಲೇ.

ಮತ್ತೊಂದು ಎಕ್ಸ್‌ರೇ ಏಕೆ ಎಂಬುದಕ್ಕೆ ಉತ್ತರ ಇದು. ಹಲ್ಲುಸಂದಿಯ ಹುಳುಕಿಗೆ ಬೈಟ್‌ವಿಂಗ್ ಎಂಬ, ಕಚ್ಚಿ ಹಿಡಿದು ತೆಗೆಯುವ ಚಿತ್ರ ಎಲ್ಲಕ್ಕಿಂತ ಮೇಲು. ಒಂದು ಹಲ್ಲಿನ ಬೇರಿನ ತುದಿಯವರೆಗೆ ನೋಡಲು, ನಮ್ಮ ಕ್ಲಿನಿಕ್ಕುಗಳಲ್ಲಿ ಆರ್‌ವಿಜಿ ಎಂದು ಕರೆಯುವ ಪುಟ್ಟ ಡಿಜಿಟಲ್ ಎಕ್ಸ್‌ರೇ. ನಮ್ಮ ವ್ಯಕ್ತಿಯ 47ಕ್ಕೆ ಆರ್‌ವಿಜಿ ತೆಗೆದಾಗ ಕಲೆಗೆ ಅಂಚಿದೆ, ಬೇರಿನ ಹೊರಗೆರೆ ಒಳಸರಿದಿದೆ, ಕಪ್ಪು ತಿರುಳಿನ ಸಮೀಪ ಬಂದಿದೆ. ರಾತ್ರಿ ನೋವಿನ ಮೂಲ ಬುದ್ಧಿಹಲ್ಲಲ್ಲ, ಅದು ಒರಗಿಕೊಂಡ ಹಲ್ಲು. ಬುದ್ಧಿಹಲ್ಲು ಅಲ್ಲೇ ಇರುವಾಗ ವಸಡಿನ ಕೆಳಗಿನ ಆ ಗುಳಿಗೆ ಫಿಲ್ಲಿಂಗ್ ಹಾಕಲು ಕೈಯೇ ಆಡುವುದಿಲ್ಲ. ಮೊದಲು 48 ಹೋಗಬೇಕು, ಆಮೇಲೆ 47ಕ್ಕೆ ರೂಟ್ ಕೆನಾಲೋ ಫಿಲ್ಲಿಂಗೋ ತೀರ್ಮಾನವಾಗಬೇಕು. ಹೀಗೆ ಒಂದರ ಹಿಂದೊಂದು ಕೆಲಸ ಜೋಡಿಸಿಕೊಳ್ಳುವುದಕ್ಕೆ ಓಪಿಜಿ ಒದಗುತ್ತದೆ. ಹುಳುಕಿನ ಆಳ ಅಳೆಯುವುದಕ್ಕಲ್ಲ. ‘ಓಪಿಜಿಯಲ್ಲಿ ಏನೂ ಇಲ್ಲ, ಆದ್ದರಿಂದ ಹುಳುಕಿಲ್ಲ’ ಎಂಬ ಮಾತು ಯಾರು ಹೇಳಿದರೂ ಒಪ್ಪಬೇಡಿ.

ಮೂರನೆಯದು ಮೂಳೆ. ನಮ್ಮ ವ್ಯಕ್ತಿ ಇದಕ್ಕಾಗಿ ಬಂದಿರಲೇ ಇಲ್ಲ, ಆದರೆ ಅವರ ಹಲ್ಲುಗಳ ಆಯುಷ್ಯ ನಿಂತಿರುವುದು ಇದರ ಮೇಲೆ. ಎನಾಮೆಲ್ ಟೋಪಿ ಮುಗಿದು ಬೇರು ಶುರುವಾಗುವ ಗಡಿಯಿಂದ ಒಂದೆರಡು ಮಿಲಿಮೀಟರ್ ಕೆಳಗೆ, ಎರಡು ಹಲ್ಲುಗಳ ನಡುವಿನ ಮೂಳೆಯ ತಲೆ ಇರಬೇಕು. ಇದು ಆರೋಗ್ಯದ ಮಟ್ಟ. ವಸಡಿನ ರೋಗದಲ್ಲಿ ಈ ತಲೆ ಇಳಿಯುತ್ತ ಹೋಗುತ್ತದೆ. ಬಾಯಿ ತುಂಬ ಒಂದೇ ಸಮನೆ ಇಳಿದಿದ್ದರೆ ಒಂದು ಬಗೆ, ಒಂದೆರಡು ಹಲ್ಲಿನ ಪಕ್ಕದಲ್ಲಿ ಓರೆಯಾಗಿ ಆಳಕ್ಕೆ ಕೊರೆದಿದ್ದರೆ ಇನ್ನೊಂದು ಬಗೆ. ದವಡೆ ಹಲ್ಲಿನ ಬೇರುಗಳು ಕವಲೊಡೆಯುವ ಜಾಗದಲ್ಲಿ ಕಪ್ಪು ಕಂಡರೆ ರೋಗ ಅಲ್ಲಿಯವರೆಗೂ ಇಳಿದಿದೆ ಎಂದರ್ಥ.

ಅಳೆಯುವುದು ಹೇಗೆ? ಓಪಿಜಿಯಲ್ಲಿ ಎಲ್ಲವೂ ಸುಮಾರು ಕಾಲು ಭಾಗದಷ್ಟು ದೊಡ್ಡದಾಗಿ ಕಾಣುತ್ತದೆ, ಅದೂ ಜಾಗದಿಂದ ಜಾಗಕ್ಕೆ ಬೇರೆ ಬೇರೆ. ಹಾಗಾಗಿ ಇಷ್ಟು ಮಿಲಿಮೀಟರ್ ಸವೆದಿದೆ ಎಂದು ಹೇಳುವುದು ಸರಿಯಲ್ಲ. ಒಂದೇ ಬೇರಿನ ಮೇಲೆ ಅನುಪಾತ ತೆಗೆದರೆ ಆ ದೋಷ ಬಹುಮಟ್ಟಿಗೆ ಕಳೆದುಹೋಗುತ್ತದೆ. ನಮ್ಮ ವ್ಯಕ್ತಿಯ ಎಡ ಕೆಳಗಿನ ಮೊದಲ ದವಡೆ ಹಲ್ಲಿನಲ್ಲಿ ಗಡಿಯಿಂದ ಬೇರಿನ ತುದಿಗೆ ಪರದೆಯ ಮೇಲೆ 16 ಮಿಲಿಮೀಟರ್, ಗಡಿಯಿಂದ ಮೂಳೆಯ ತಲೆಗೆ 6 ಎಂದುಕೊಳ್ಳಿ. ಸಹಜವಾಗಿ ಇರಬೇಕಾದ 2ನ್ನು ಎರಡರಿಂದಲೂ ಕಳೆದರೆ 14ರಲ್ಲಿ 4, ಅಂದರೆ ಬೇರಿನ ಆಸರೆಯಲ್ಲಿ ಸುಮಾರು ಶೇ 29 ಹೋಗಿದೆ. 2017ರ ಅಂತರರಾಷ್ಟ್ರೀಯ ಸಮಾವೇಶ ಒಪ್ಪಿ ಮರುವರ್ಷ ಪ್ರಕಟವಾದ ವರ್ಗೀಕರಣದ ಪ್ರಕಾರ ಶೇ 15ರಿಂದ 33ರ ಒಳಗಿನದು ಎರಡನೆಯ ಹಂತ. ಈ ಶೇಕಡಾವನ್ನು ವಯಸ್ಸಿನಿಂದ ಭಾಗಿಸಿದರೆ ರೋಗದ ವೇಗ ಸಿಗುತ್ತದೆ. 29ನ್ನು 38ರಿಂದ ಭಾಗಿಸಿದರೆ ಸುಮಾರು 0.76; ಕಾಲಿನಿಂದ ಒಂದರ ಒಳಗಿದ್ದರೆ ಮಧ್ಯಮ ವೇಗ, ಒಂದನ್ನು ದಾಟಿದರೆ ಶೀಘ್ರ. ದಿನಕ್ಕೆ 10 ಅಥವಾ ಹೆಚ್ಚು ಸಿಗರೇಟು ಸೇದುವವರಾದರೆ, ಇಲ್ಲವೇ ಸಕ್ಕರೆ ಕಾಯಿಲೆಯಿದ್ದು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 7 ಅಥವಾ ಮೇಲಿದ್ದರೆ, ಅವರನ್ನು ನೇರ ಶೀಘ್ರದ ಗುಂಪಿಗೇ ಸೇರಿಸುತ್ತಾರೆ.

ಒಂದು ಸೂಕ್ಷ್ಮವಿದೆ. 47 ಮತ್ತು 48ರ ನಡುವೆ ಮೂಳೆ ಇನ್ನೂ ಹೆಚ್ಚು ಇಳಿದಿದ್ದರೂ ಅದನ್ನು ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ. ವಾಲಿದ ಬುದ್ಧಿಹಲ್ಲು ಮಾಡಿದ ಹಾನಿ ಅದು, ವಸಡಿನ ರೋಗದ ಪುರಾವೆಯಲ್ಲ ಎಂದು ಆ ವರ್ಗೀಕರಣವೇ ಬಿಡಿಸಿ ಹೇಳಿದೆ.

ಇಷ್ಟಾದರೂ ಓಪಿಜಿ ಹೇಳುವುದು ಹಲ್ಲುಗಳ ನಡುವಿನ ಮೂಳೆಯ ಕತೆಯನ್ನು ಮಾತ್ರ. ಕೆನ್ನೆಯ ಬದಿಯ, ನಾಲಿಗೆಯ ಬದಿಯ ಮೂಳೆ ಸವೆದಿದ್ದರೆ ಹಲ್ಲಿನ ಬಿಳುಪೇ ಅದನ್ನು ಮುಚ್ಚಿಬಿಡುತ್ತದೆ. ಹೋದ ಮೂಳೆ ಹತ್ತು ವರ್ಷದ ಹಿಂದೆ ಹೋಗಿ ರೋಗ ಈಗ ನಿಂತಿದೆಯೋ, ಈಗಲೂ ಹೋಗುತ್ತಲೇ ಇದೆಯೋ ಎಂದೂ ಒಂದು ಚಿತ್ರ ಹೇಳಲಾರದು. ಅದಕ್ಕೆ ಮಿಲಿಮೀಟರ್ ಗುರುತುಳ್ಳ ಪ್ರೋಬ್ ಎಂಬ ಸಣ್ಣ ಕಡ್ಡಿಯನ್ನು ವಸಡಿನ ಸಂದಿಯಲ್ಲಿ ಇಳಿಸಿ, ಪ್ರತಿ ಹಲ್ಲಿಗೂ ಆರು ಕಡೆ ಆಳ ನೋಡಬೇಕು, ರಕ್ತ ಬರುತ್ತದೆಯೇ ಗಮನಿಸಬೇಕು. ವಸಡಿನ ರೋಗವೆಂದು ಹೇಳಿ, ಪ್ರೋಬ್ ಮುಟ್ಟದೆ ಬರೀ ಓಪಿಜಿ ತೋರಿಸಿ ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ವಾಸಿ.

ವಿಕಿರಣದ ಭಯ ಅನೇಕರಿಗಿದೆ. ಒಂದು ಡಿಜಿಟಲ್ ಓಪಿಜಿಯಿಂದ ದೇಹಕ್ಕೆ ಸೇರುವುದು ಸುಮಾರು 20 ಮೈಕ್ರೋಸೀವರ್ಟ್. ನೆಲದಿಂದ, ಆಕಾಶದಿಂದ, ತಿನ್ನುವ ಅನ್ನದಿಂದ ನಮಗೆ ವರ್ಷಕ್ಕೆ ಸರಾಸರಿ 2,400 ಮೈಕ್ರೋಸೀವರ್ಟ್ ಬಂದೇ ಬರುತ್ತದೆ. ಅಂದರೆ ಓಪಿಜಿ ಮೂರು ದಿನದ ಬಾಳಿಗೆ ಸಮ. ಸಿಬಿಸಿಟಿಯಲ್ಲಿ ಇದು ಯಂತ್ರ ಮತ್ತು ನೋಡುವ ಜಾಗದ ಅಗಲಕ್ಕೆ ತಕ್ಕಂತೆ ಕೆಲವು ಪಟ್ಟು ಹೆಚ್ಚಬಹುದು. ಬಸುರಿಯಾಗಿದ್ದರೆ ಮೊದಲೇ ಹೇಳಿ.

ಕೊನೆಗೆ ಓದುಗರಲ್ಲಿ ಒಂದು ಕೋರಿಕೆ. ಓಪಿಜಿ ತೆಗೆಸಿದಾಗ ಕಾಗದದ ಮೇಲಿನ ಮಸುಕು ಪ್ರಿಂಟಿಗೆ ತೃಪ್ತರಾಗಬೇಡಿ, ಡಿಜಿಟಲ್ ಫೈಲನ್ನೇ ಕೇಳಿ ಇಮೇಲಿನಲ್ಲೋ ಪೆನ್‌ಡ್ರೈವಿನಲ್ಲೋ ತಾರೀಖು ಸಮೇತ ಇಟ್ಟುಕೊಳ್ಳಿ. ಮೂಳೆಯ ಸವೆತ ಎಷ್ಟು ವೇಗದ್ದು ಎಂಬುದಕ್ಕೆ ವಯಸ್ಸಿನಿಂದ ಭಾಗಿಸುವುದು ಅಂದಾಜಿನ ದಾರಿ. ಐದು ವರ್ಷದ ಅಂತರದ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ನೇರ ದಾರಿ. ಆ ಐದು ವರ್ಷದಲ್ಲಿ 2 ಮಿಲಿಮೀಟರ್ ಅಥವಾ ಹೆಚ್ಚು ಹೋಗಿದ್ದರೆ ಬೇರೆ ಲೆಕ್ಕವೇ ಬೇಡ, ಅದು ಶೀಘ್ರಗತಿಯ ರೋಗ. ಹಳೆಯ ಚಿತ್ರ ನಿಮ್ಮ ಬಳಿ ಇದ್ದರೆ ಮಾತ್ರ ಇದನ್ನು ವೈದ್ಯರು ಹೇಳಬಲ್ಲರು.